ಜನರೇಟರ್ ಡೀಸೆಲ್ ಖರ್ಚು: ಲೋಡ್ ಪ್ರಕಾರ ಹಂಚಿದರೆ ಯಾರ ಮೇಲೆ ಎಷ್ಟು ಬೀಳುತ್ತದೆ?

ಬೆಳಗಾವಿಯಲ್ಲಿ ಮಳೆ ಹಿಡಿದುಕೊಂಡಿತೆಂದರೆ ಗಾಳಿಗೆ ಮರದ ಕೊಂಬೆ ತಂತಿಯ ಮೇಲೆ ಬೀಳುವುದೂ ಬಡಾವಣೆಗೆ ಗಂಟೆಗಟ್ಟಲೆ ಕರೆಂಟ್ ಇಲ್ಲದಿರುವುದೂ ಇದ್ದದ್ದೇ. ಅಂಥ ಒಂದು ಜುಲೈ ಮುಗಿದ ಮೇಲೆ ಟಿಳಕವಾಡಿಯ 24 ಫ್ಲ್ಯಾಟುಗಳ ಒಂದು ಅಪಾರ್ಟ್‌ಮೆಂಟಿನಲ್ಲಿ, ಲಿಫ್ಟಿನ ಪಕ್ಕದ ಬೋರ್ಡಿಗೆ ಖಜಾಂಚಿಯವರು ಒಂದು ನೋಟಿಸು ಅಂಟಿಸಿದರು. ಆ ತಿಂಗಳು ಜನರೇಟರ್ 40 ಗಂಟೆ ಓಡಿತ್ತು. 200 ಲೀಟರ್ ಡೀಸೆಲ್ ಖರ್ಚಾಗಿತ್ತು. ಲೀಟರಿಗೆ 90 ರೂಪಾಯಿಯಂತೆ ಮೊತ್ತ 18,000 ರೂಪಾಯಿ. ಅಲ್ಲಿಯವರೆಗೆ ಇಂಥ ಖರ್ಚನ್ನು ಎಲ್ಲರಿಗೂ ಸಮನಾಗಿ, ಅಂದರೆ ಈ ಲೆಕ್ಕದಲ್ಲಿ ತಲಾ 750 ರೂಪಾಯಿಯಂತೆ ಹಂಚುತ್ತಿದ್ದರು. ಈ ಸಲದಿಂದ ಪ್ರತಿ ಫ್ಲ್ಯಾಟಿನ ಕನೆಕ್ಟೆಡ್ ಲೋಡಿಗೆ ಅನುಗುಣವಾಗಿ ಹಂಚಲಾಗುವುದು ಎಂದು ನೋಟಿಸಿನಲ್ಲಿತ್ತು.

ಕಟ್ಟಡದಲ್ಲಿ ಎರಡು ಬೆಡ್‌ರೂಮಿನ 12 ಫ್ಲ್ಯಾಟುಗಳಿವೆ, ತಲಾ 3 ಕಿಲೋವ್ಯಾಟ್ ಲೋಡಿನವು. ಮೂರು ಬೆಡ್‌ರೂಮಿನವು ಇನ್ನೊಂದು 12. ಅವುಗಳಲ್ಲಿ ಎಂಟಕ್ಕೆ ತಲಾ 5 ಕಿಲೋವ್ಯಾಟ್ ಇದೆ. ಉಳಿದ ನಾಲ್ಕರ ಮಾಲೀಕರು ಎಸಿ ಹಾಕಿಸಿಕೊಳ್ಳುವಾಗ ಅರ್ಜಿ ಕೊಟ್ಟು ಲೋಡನ್ನು 8 ಕಿಲೋವ್ಯಾಟಿಗೆ ಏರಿಸಿಕೊಂಡಿದ್ದಾರೆ. ಎಲ್ಲ ಕೂಡಿದರೆ 108 ಕಿಲೋವ್ಯಾಟ್. ಆ ಸಂಖ್ಯೆಯಿಂದ 18,000ವನ್ನು ಭಾಗಿಸಿ ಖಜಾಂಚಿಯವರು ಸಣ್ಣ ಫ್ಲ್ಯಾಟಿಗೆ 500, 5 ಕಿಲೋವ್ಯಾಟಿನ ಫ್ಲ್ಯಾಟಿಗೆ 833, 8 ಕಿಲೋವ್ಯಾಟಿನ ಫ್ಲ್ಯಾಟಿಗೆ 1,333 ರೂಪಾಯಿ ಎಂದು ಬರೆದಿದ್ದರು. ಕೂಡಿಸಿ ಕಳೆಯುವುದರಲ್ಲಿ ತಪ್ಪೇನೂ ಇರಲಿಲ್ಲ.

ಖಜಾಂಚಿಯವರ ಉದ್ದೇಶವೂ ತಪ್ಪಲ್ಲ. ಎರಡು ಕೋಣೆಯ ಮನೆಯೂ ಮೂರು ಕೋಣೆಯ ಮನೆಯೂ ಒಂದೇ ಮೊತ್ತ ಕೊಡುವುದು ಸರಿಯಲ್ಲವೆಂಬ ತಕರಾರು ವರ್ಷಗಳಿಂದ ಇತ್ತು. ಹೆಚ್ಚು ಬಳಸುವವರು ಹೆಚ್ಚು ಕೊಡಲಿ ಎಂಬ ಮಾತಿಗೆ ಅವರು ಕಿವಿಗೊಟ್ಟರು. ಆದರೆ ಹೆಚ್ಚು ಬಳಸುವವರು ಯಾರು ಎಂಬುದಕ್ಕೆ ಅವರು ಆರಿಸಿಕೊಂಡ ಅಳತೆ ಬಳಕೆಯನ್ನು ಅಳೆಯುವುದೇ ಇಲ್ಲ. ತೊಡಕು ಇರುವುದು ಅಲ್ಲಿ.

ಮೊದಲು ಪದವನ್ನೇ ನೋಡೋಣ. ಕನೆಕ್ಟೆಡ್ ಲೋಡ್ ಎಂದರೆ ಒಂದು ಮನೆಯ ವೈರಿಂಗಿಗೆ ಜೋಡಿಸಿರುವ ದೀಪ, ಫ್ಯಾನ್, ಫ್ರಿಜ್, ಗೀಸರ್, ಎಸಿ ಎಲ್ಲದರ ಮೇಲೆ ಬರೆದಿರುವ ವ್ಯಾಟ್‌ಗಳ ಒಟ್ಟು ಮೊತ್ತ. ಎಲ್ಲವನ್ನೂ ಒಮ್ಮೆಲೇ ಹಚ್ಚಿದರೆ ಎಷ್ಟಾದೀತು ಎಂಬ ಲೆಕ್ಕ ಅದು. ಯಾವ ಮನೆಯಲ್ಲೂ ಎಲ್ಲವನ್ನೂ ಒಮ್ಮೆಲೇ ಹಚ್ಚುವುದಿಲ್ಲ. ಈ ನೋಟಿಸಿನಲ್ಲಿದ್ದದ್ದು ನಿಜಕ್ಕೂ ಅದೂ ಅಲ್ಲ. ಯಾರೂ ಮನೆ ಮನೆಗೆ ಹೋಗಿ ಉಪಕರಣ ಎಣಿಸಿರಲಿಲ್ಲ. ಹೆಸ್ಕಾಂ ಬಿಲ್ಲಿನಲ್ಲಿ ಅಚ್ಚಾಗಿರುವ ಮಂಜೂರಾದ ಲೋಡಿನ ಅಂಕಿಯನ್ನು ಎತ್ತಿಕೊಂಡಿದ್ದರು. ಮಂಜೂರಾದ ಲೋಡ್ ಎಂದರೆ ಗ್ರಾಹಕನಿಗೂ ಕಂಪನಿಗೂ ಒಪ್ಪಂದವಾದ ಮಿತಿ. ಬಿಲ್ಲಿನಲ್ಲಿ ಪ್ರತಿ ತಿಂಗಳು ಬರುವ ನಿಗದಿತ ಶುಲ್ಕ ಈ ಅಂಕಿಯ ಮೇಲೆ ನಿಂತಿರುತ್ತದೆ. ಬಿಲ್ಡರ್ ಸಂಪರ್ಕ ತೆಗೆದುಕೊಂಡ ದಿನ ಏನಿತ್ತೋ ಅನೇಕ ಮನೆಗಳಲ್ಲಿ ಇಂದಿಗೂ ಅದೇ ಇರುತ್ತದೆ, ಆಮೇಲೆ ಮನೆಯೊಳಗೆ ಏನೇನು ಬಂದು ಸೇರಿದರೂ.

ಇದರಿಂದ ಒಂದು ವಿಚಿತ್ರ ಅನ್ಯಾಯ ಹುಟ್ಟುತ್ತದೆ. ಈ ಕಟ್ಟಡದಲ್ಲೇ 5 ಕಿಲೋವ್ಯಾಟಿನ ಒಂದು ಫ್ಲ್ಯಾಟಿನಲ್ಲಿ ಎರಡು ಎಸಿಗಳಿವೆ, ಆದರೆ ಲೋಡ್ ಏರಿಸಿಲ್ಲ. ನಿಯಮದಂತೆ ಅರ್ಜಿ ಹಾಕಿ, ಹಣ ಕಟ್ಟಿ, ತಿಂಗಳು ತಿಂಗಳು ಹೆಚ್ಚಿನ ನಿಗದಿತ ಶುಲ್ಕವನ್ನೂ ತೆರುತ್ತಿರುವ ನಾಲ್ವರು ಈಗ ಡೀಸೆಲ್ಲಿಗೂ 500 ರೂಪಾಯಿ ಹೆಚ್ಚು ಕೊಡಬೇಕು. ಏರಿಸದೆ ಸುಮ್ಮನಿದ್ದವರು ಹಳೆಯ ಅಂಕಿಯಲ್ಲೇ ಉಳಿಯುತ್ತಾರೆ. ಇಂಥ ಹಂಚಿಕೆ ವರ್ಷಗಟ್ಟಲೆ ನಡೆದರೆ ಮುಂದೆ ಯಾರೂ ಲೋಡ್ ಏರಿಸಿಕೊಳ್ಳಲು ಹೋಗುವುದಿಲ್ಲ. ಅದರ ಪೆಟ್ಟು ಕಟ್ಟಡದ ಕೇಬಲ್ಲಿಗೂ ಟ್ರಾನ್ಸ್‌ಫಾರ್ಮರಿಗೂ ಬೀಳುತ್ತದೆ.

ಇನ್ನೂ ದೊಡ್ಡ ದೋಷ ಜನರೇಟರ್ ಕೋಣೆಯಲ್ಲಿ ನಿಂತರೆ ಕಣ್ಣಿಗೇ ಕಾಣುತ್ತದೆ. ಯಂತ್ರದ ಫಲಕದ ಮೇಲೆ 62.5 ಕೆವಿಎ ಎಂದು ಬರೆದಿದೆ. ಪವರ್ ಫ್ಯಾಕ್ಟರ್ 0.8 ಹಿಡಿದರೆ ಅದು 50 ಕಿಲೋವ್ಯಾಟ್. 108 ಕಿಲೋವ್ಯಾಟಿನ ಲೋಡನ್ನು ಅದು ಎಂದೂ ಹೊರಲಾರದು, ಹೊರಲೆಂದು ತಂದದ್ದೂ ಅಲ್ಲ. ಕರೆಂಟ್ ಹೋದಾಗ ಸಣ್ಣ ಫ್ಲ್ಯಾಟಿಗೆ 1 ಕಿಲೋವ್ಯಾಟ್, ಮೂರು ಬೆಡ್‌ರೂಮಿನ ಫ್ಲ್ಯಾಟಿಗೆ 1.5 ಕಿಲೋವ್ಯಾಟ್ ಮಾತ್ರ ಕೊಡುವಂತೆ ಬಿಲ್ಡರ್ ಬೇರೆ ಸರ್ಕ್ಯೂಟ್ ಎಳೆಸಿದ್ದಾನೆ. ದೀಪ, ಫ್ಯಾನ್, ಟಿವಿ, ಫ್ರಿಜ್ ಆ ಸರ್ಕ್ಯೂಟಿನ ಮೇಲಿವೆ. ಗೀಸರ್ ಮತ್ತು ಎಸಿ ಇಲ್ಲ. ಹಾಗೆ ನೋಡಿದರೆ ಎಲ್ಲ ಫ್ಲ್ಯಾಟುಗಳಿಗೆ ಕೊಟ್ಟ ಮಿತಿ ಕೂಡಿ 30 ಕಿಲೋವ್ಯಾಟ್. ಲಿಫ್ಟು, ನೀರೆತ್ತುವ ಪಂಪು, ಮೆಟ್ಟಿಲ ದೀಪಗಳಿಗೆ ಸುಮಾರು 10. ಅದು 50ರೊಳಗೆ ಸಲೀಸಾಗಿ ಕೂಡುತ್ತದೆ. 8 ಕಿಲೋವ್ಯಾಟಿನ ಮನೆಯೂ 5 ಕಿಲೋವ್ಯಾಟಿನ ಮನೆಯೂ ಜನರೇಟರಿನ ಮುಂದೆ ಒಂದೇ: ಎರಡಕ್ಕೂ ಸಿಗುವುದು 1.5. ಎಸಿಯ ಕಾರಣಕ್ಕೆ ಏರಿದ ಅಂಕಿಯನ್ನು, ಎಸಿಯನ್ನು ಓಡಿಸದ ಡೀಸೆಲ್ಲಿಗೆ ಹಚ್ಚಿ ಹಣ ಕೇಳಲಾಗಿದೆ.

ಈಗ ಡೀಸೆಲ್ ಹೇಗೆ ಖರ್ಚಾಗುತ್ತದೆ ಎಂಬುದಕ್ಕೆ ಬರೋಣ, ಏಕೆಂದರೆ ಹಂಚಿಕೆಯ ನ್ಯಾಯವೆಲ್ಲ ಇದರ ಮೇಲೆ ನಿಂತಿದೆ. ನಡುರಾತ್ರಿ ಕರೆಂಟ್ ಹೋಗಿ ಜನರೇಟರ್ ಎದ್ದಾಗ ಅದರ ಹತ್ತಿರ ಹತ್ತು ನಿಮಿಷ ನಿಂತು ಕೇಳಿ. ಮನೆಗಳೆಲ್ಲ ಮಲಗಿವೆ, ನಾಲ್ಕಾರು ಫ್ಯಾನ್ ಬಿಟ್ಟರೆ ಹೊರೆಯೇ ಇಲ್ಲ. ಆದರೂ ಎಂಜಿನ್ ಅದೇ ವೇಗದಲ್ಲಿ, ನಿಮಿಷಕ್ಕೆ 1,500 ಸುತ್ತಿನಂತೆ, ತಿರುಗುತ್ತಲೇ ಇರುತ್ತದೆ. 50 ಹರ್ಟ್ಸ್ ಕರೆಂಟ್ ಕೊಡಬೇಕಾದರೆ ಅದು ಹಾಗೇ ತಿರುಗಬೇಕು. ತನ್ನನ್ನು ತಾನು ತಿರುಗಿಸಿಕೊಳ್ಳಲು, ತನ್ನ ಫ್ಯಾನು, ಎಣ್ಣೆಯ ಪಂಪು ನಡೆಸಿಕೊಳ್ಳಲು ಅದು ಕುಡಿಯುವ ಡೀಸೆಲ್ ಯಾವ ಮನೆಯ ಬಳಕೆಗೂ ಸೇರಿದ್ದಲ್ಲ. ಅಷ್ಟು ಹೊತ್ತು ಯಂತ್ರ ಎದ್ದು ನಿಂತದ್ದಕ್ಕೆ ತೆತ್ತ ಬೆಲೆ ಅದು. ಹೊರೆ ಏರಿದ ಹಾಗೆ ಅದರ ಮೇಲೆ ಯೂನಿಟ್ಟಿಗೆ ಇಷ್ಟೆಂದು ಡೀಸೆಲ್ ಸೇರುತ್ತ ಹೋಗುತ್ತದೆ.

ಈ ಎರಡು ಭಾಗಗಳನ್ನು ಬೇರ್ಪಡಿಸುವುದು ಕಷ್ಟವಲ್ಲ. ಯಂತ್ರದ ಜೊತೆ ಬರುವ ಪುಸ್ತಿಕೆಯಲ್ಲಿ ಅರ್ಧ ಹೊರೆಗೆ ಗಂಟೆಗೆ ಎಷ್ಟು ಲೀಟರ್, ಪೂರ್ತಿ ಹೊರೆಗೆ ಎಷ್ಟು ಎಂಬ ಪಟ್ಟಿ ಸಾಮಾನ್ಯವಾಗಿ ಇರುತ್ತದೆ. ಈ ಯಂತ್ರಕ್ಕೆ 25 ಕಿಲೋವ್ಯಾಟಿನಲ್ಲಿ 8 ಲೀಟರ್, 50 ಕಿಲೋವ್ಯಾಟಿನಲ್ಲಿ 13.5 ಲೀಟರ್ ಎಂದಿದೆ. 25 ಕಿಲೋವ್ಯಾಟ್, ಅಂದರೆ ಗಂಟೆಗೆ 25 ಯೂನಿಟ್, ಹೆಚ್ಚಿದ್ದಕ್ಕೆ 5.5 ಲೀಟರ್ ಹೆಚ್ಚಾಯಿತು, ಅಂದರೆ ಯೂನಿಟ್ಟಿಗೆ 0.22 ಲೀಟರ್. ಅದೇ ಲೆಕ್ಕದಲ್ಲಿ ಕೆಳಕ್ಕೆ ಇಳಿದರೆ, 8 ಲೀಟರಿನಲ್ಲಿ 5.5 ಕಳೆದು, ಹೊರೆಯೇ ಇಲ್ಲದಾಗ ಗಂಟೆಗೆ 2.5 ಲೀಟರ್ ಉಳಿಯುತ್ತದೆ. ನಿಜವಾದ ಯಂತ್ರದಲ್ಲಿ ಈ ಗೆರೆ ಪೂರ್ತಿ ನೇರವಾಗಿರುವುದಿಲ್ಲ, ಹಳೆಯ ಎಂಜಿನ್ ಇನ್ನಷ್ಟು ಕುಡಿಯುತ್ತದೆ. ಹಂಚಿಕೆಯ ಲೆಕ್ಕಕ್ಕೆ ಇಷ್ಟು ನಿಖರತೆ ಸಾಕು.

ಜುಲೈಯಲ್ಲಿ ಜನರೇಟರ್ ಫಲಕದ ಮೀಟರ್ 450 ಯೂನಿಟ್ ತೋರಿಸಿತ್ತು. 40 ಗಂಟೆಗೆ 2.5 ಲೀಟರಿನಂತೆ 100 ಲೀಟರ್ ಬರೀ ಓಡಿದ್ದಕ್ಕೆ ಹೋಯಿತು. 450 ಯೂನಿಟ್ಟಿಗೆ 0.22ರಂತೆ ಹತ್ತಿರ ಹತ್ತಿರ 100 ಲೀಟರ್ ಬಳಕೆಗೆ ಹೋಯಿತು. ಕೂಡಿದರೆ 200, ಟ್ಯಾಂಕಿನ ಲೆಕ್ಕಕ್ಕೆ ತಾಳೆಯಾಗುತ್ತದೆ. ಈ ತಾಳೆಯೇ ಒಂದು ಉಪಕಾರ: ಓಡಿದ ಗಂಟೆ ಮತ್ತು ಯೂನಿಟ್ಟಿನಿಂದ ಬರುವ ಅಂದಾಜಿಗಿಂತ ಖರ್ಚಾದ ಡೀಸೆಲ್ ತಿಂಗಳಿಂದ ತಿಂಗಳಿಗೆ ಬಹಳ ಹೆಚ್ಚಾಗಿ ಕಂಡರೆ ಎಂಜಿನ್ನಿಗೆ ದುರಸ್ತಿ ಬೇಕಾಗಿದೆ, ಅಥವಾ ಕ್ಯಾನಿನಿಂದ ಟ್ಯಾಂಕಿಗೆ ಹೋಗುವ ದಾರಿಯಲ್ಲಿ ಡೀಸೆಲ್ ಕಡಿಮೆಯಾಗುತ್ತಿದೆ. ಖರ್ಚು ಎಂದರೆ ಕೊಂಡ ಲೀಟರ್ ಅಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಆ ತಿಂಗಳು ಕೊಂಡದ್ದು 240 ಲೀಟರ್. ಮೊದಲು ಟ್ಯಾಂಕಿನಲ್ಲಿ 60 ಇತ್ತು, ಕೊನೆಗೆ 100 ಉಳಿದಿತ್ತು. ಖಜಾಂಚಿಯವರು ಬಂಕಿನ ರಸೀದಿಗಳನ್ನಷ್ಟೇ ಕೂಡಿಸದೆ ಟ್ಯಾಂಕಿನ ಶಿಲ್ಕನ್ನು ಅಳೆದು 200 ಎಂದು ಬರೆದದ್ದು ಅವರ ಶಿಸ್ತನ್ನು ತೋರಿಸುತ್ತದೆ.

ಅರ್ಧ ಡೀಸೆಲ್ ಯಾರ ಬಳಕೆಗೂ ಸೇರದೆ ಹೋಯಿತೆಂದು ಗೊತ್ತಾದ ಮೇಲೆ ಹಂಚಿಕೆಯನ್ನು ಮೂರು ತುಂಡಾಗಿ ಮಾಡಬೇಕಾಗುತ್ತದೆ. ಓಡಿದ್ದಕ್ಕೆ ಹೋದ 9,000 ರೂಪಾಯಿ ಒಂದು ತುಂಡು. ಯಂತ್ರ ತಮಗಾಗಿ ಸಿದ್ಧವಾಗಿ ನಿಂತಿದ್ದರ ಬೆಲೆ ಇದಾದ್ದರಿಂದ, ಯಾರಿಗೆ ಎಷ್ಟು ಮಿತಿ ಕೊಡಲಾಗಿದೆಯೋ ಆ ಪ್ರಮಾಣದಲ್ಲಿ ಹಂಚುವುದು ಸರಿ. 9,000ವನ್ನು 30 ಕಿಲೋವ್ಯಾಟಿಗೆ ಹಂಚಿದರೆ ಕಿಲೋವ್ಯಾಟಿಗೆ 300. ಸಣ್ಣ ಫ್ಲ್ಯಾಟಿಗೆ 300, ದೊಡ್ಡದಕ್ಕೆ 450. ಲೋಡ್ ಪ್ರಕಾರ ಎಂಬ ಖಜಾಂಚಿಯವರ ವಿಚಾರಕ್ಕೆ ನಿಜವಾದ ಜಾಗ ಇದು, ಆದರೆ ಲೆಕ್ಕಕ್ಕೆ ಹಿಡಿಯಬೇಕಾದ ಲೋಡ್ ಜನರೇಟರ್ ಕೊಡುವ ಲೋಡು, ಹೆಸ್ಕಾಂ ಕೊಡುವ ಲೋಡಲ್ಲ. ಲಿಫ್ಟು, ಪಂಪಿಗಾಗಿಯೂ ಯಂತ್ರ ಓಡುತ್ತದಲ್ಲ ಎಂದು ಯಾರಾದರೂ ಕೇಳಿದರೆ ಮಾತು ನಿಜ. ಅದರ ಪಾಲನ್ನು ಬೇರೆ ತೆಗೆದರೂ ಕೊನೆಗೆ ಅದು ಇದೇ ಮನೆಗಳ ಮೇಲೇ ಬೀಳುವುದರಿಂದ ಇಲ್ಲಿ ಒಡೆದಿಲ್ಲ.

ಎರಡನೆಯದು ಸಾಮಾನ್ಯ ಬಳಕೆ. 450 ಯೂನಿಟ್‌ಗಳಲ್ಲಿ 150 ಲಿಫ್ಟು, ಪಂಪು, ಮೆಟ್ಟಿಲ ದೀಪಗಳಿಗೆ ಹೋಗಿತ್ತು. ಬಳಕೆಯ ಡೀಸೆಲ್ ಯೂನಿಟ್ಟಿಗೆ 20 ರೂಪಾಯಿ ಬೀಳುವುದರಿಂದ ಇದು 3,000 ರೂಪಾಯಿ. ಇದು ಸಂಘದ ಖರ್ಚು, ಮೇಂಟೆನನ್ಸ್ ಹಣ ಹೇಗೆ ಹಂಚುತ್ತದೋ ಹಾಗೇ ಹಂಚಬೇಕು. ಇಲ್ಲಿ ಅದು ಚದರ ಅಡಿಯ ಲೆಕ್ಕ: 1,000 ಚದರ ಅಡಿಯ ಸಣ್ಣ ಫ್ಲ್ಯಾಟಿಗೆ 100, 1,500 ಚದರ ಅಡಿಯ ದೊಡ್ಡದಕ್ಕೆ 150. ಮೂರನೆಯದು ಮನೆಯೊಳಗೆ ಬಳಸಿದ 300 ಯೂನಿಟ್, 6,000 ರೂಪಾಯಿ. ಆ ತಿಂಗಳು ಸಣ್ಣ ಫ್ಲ್ಯಾಟುಗಳ ಸರಾಸರಿ 10 ಯೂನಿಟ್, ದೊಡ್ಡವುಗಳದು 15.

ಈ ಮೂರನ್ನೂ ಕೂಡಿಸಿದಾಗ ಬಂದ ಉತ್ತರ ನೋಟಿಸಿನ ಮುಂದೆ ವಾದ ಮಾಡುತ್ತ ನಿಂತಿದ್ದ ಎರಡೂ ಕಡೆಯವರಿಗೆ ಅನಿರೀಕ್ಷಿತವಾಗಿತ್ತು. ಸಣ್ಣ ಫ್ಲ್ಯಾಟಿನ ಸರಾಸರಿ ಪಾಲು 600 ರೂಪಾಯಿ: ನೋಟಿಸು ಕೇಳಿದ್ದಕ್ಕಿಂತ 100 ಹೆಚ್ಚು. ದೊಡ್ಡ ಫ್ಲ್ಯಾಟಿನದು 900, ಎಸಿ ಇರಲಿ ಇಲ್ಲದಿರಲಿ. 833 ಕೊಡಬೇಕಿದ್ದವರು ಸ್ವಲ್ಪ ಹೆಚ್ಚು ಕೊಡುತ್ತಾರೆ, 1,333 ಕೊಡಬೇಕಿದ್ದವರು 433 ಕಡಿಮೆ ಕೊಡುತ್ತಾರೆ. ನೋಟಿಸಿನಿಂದ ಸಣ್ಣ ಮನೆಗಳಿಗೆ ಅನ್ಯಾಯವಾಗಿದೆ ಎಂದು ಹೊರಗಿನಿಂದ ನೋಡಿದವರಿಗೆ ಅನ್ನಿಸಬಹುದಿತ್ತು. ನಿಜದಲ್ಲಿ ನಾಲ್ಕು ಎಸಿ ಮನೆಗಳು ಉಳಿದ ಇಪ್ಪತ್ತರ ಡೀಸೆಲ್ಲಿಗೆ ಹಣ ತುಂಬುತ್ತಿದ್ದವು.

ಆದರೆ ಸರಾಸರಿಯ ಮಾತು ಇಷ್ಟಕ್ಕೆ ನಿಲ್ಲುವುದಿಲ್ಲ. ಎರಡನೆಯ ಮಹಡಿಯಲ್ಲಿ ಒಬ್ಬ ಹಿರಿಯ ತಾಯಿ ಒಬ್ಬರೇ ಇದ್ದಾರೆ. ನೋಟಿಸು ಓದಿದ ಮೇಲೆ ಅವರು ಹೇಳಿದ ಮಾತು ಇದು: "ಕರೆಂಟ್ ಹೋದ್ರ ಒಂದು ಲೈಟು, ಒಂದು ಫ್ಯಾನು ಬಿಟ್ರ ನಮ್ಮ ಮನ್ಯಾಗ ಬ್ಯಾರೆ ಏನೂ ಹತ್ತಂಗಿಲ್ರಿ. ಬಾಜೂ ಮನಿಯವರಷ್ಟ ನಾನೂ ಯಾಕ ಕೊಡ್ಬೇಕು?" ಅವರ ಮೀಟರಿನಲ್ಲಿ ಆ ತಿಂಗಳು ಜನರೇಟರಿನ 4 ಯೂನಿಟ್ ಬಿದ್ದಿತ್ತು. ಬಾಜೂ ಮನೆಯಲ್ಲಿ ಇಬ್ಬರು ಮನೆಯಿಂದಲೇ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡುತ್ತಾರೆ, ಅವರದು 18 ಯೂನಿಟ್. ಮೂರು ತುಂಡಿನ ಲೆಕ್ಕದಲ್ಲಿ ತಾಯಿಯವರಿಗೆ 480, ಬಾಜೂ ಮನೆಗೆ 760. ನೋಟಿಸು ಇಬ್ಬರಿಗೂ 500 ಎಂದಿತ್ತು. ಸಣ್ಣ ಮನೆ, ದೊಡ್ಡ ಮನೆ ಎಂಬ ಜಗಳದಲ್ಲಿ ಮರೆಯಾಗಿದ್ದ ವ್ಯತ್ಯಾಸ ಇದು: ಒಂದೇ ಅಳತೆಯ ಎರಡು ಮನೆಗಳ ನಡುವಿನದು. ಯಾವ ಲೋಡಿನ ಅಂಕಿಯೂ ಇದನ್ನು ಹಿಡಿಯಲಾರದು. ಹಿಡಿಯುವುದು ಮೀಟರ್ ಮಾತ್ರ.

ಈ ಕಟ್ಟಡದಲ್ಲಿ ಮನೆಗೊಂದರಂತೆ ಎರಡು ಮೂಲಗಳನ್ನು ಬೇರೆ ಬೇರೆ ಎಣಿಸುವ ಮೀಟರುಗಳು ಬಿಲ್ಡರ್ ಕಾಲದಿಂದಲೂ ಇದ್ದವು. ಹೆಸ್ಕಾಂ ಕರೆಂಟಿಗೆ ಒಂದು ಲೆಕ್ಕ, ಜನರೇಟರಿಗೆ ಇನ್ನೊಂದು. ಗುಂಡಿ ಒತ್ತಿದರೆ ಎರಡೂ ಒಂದರ ನಂತರ ಒಂದು ಕಾಣುತ್ತವೆ. ಯಾರೂ ಓದುತ್ತಿರಲಿಲ್ಲ ಅಷ್ಟೆ. ಅವುಗಳನ್ನು ನಂಬುವ ಮೊದಲು ಮಾಡಬೇಕಾದ ಪರೀಕ್ಷೆ ಒಂದಿದೆ: ಎಲ್ಲ ಮನೆಗಳ ಜನರೇಟರ್ ಯೂನಿಟ್ಟನ್ನು ಸಾಮಾನ್ಯ ಬಳಕೆಯ ಯೂನಿಟ್ಟಿನ ಜೊತೆ ಕೂಡಿಸಿ, ಯಂತ್ರದ ಫಲಕದ ಮೀಟರಿಗೆ ತಾಳೆ ನೋಡಬೇಕು. ಅಲ್ಪಸ್ವಲ್ಪ ಅಂತರ ತಂತಿಯಲ್ಲಿ ಹೋಗುವ ನಷ್ಟ. ಅಂತರ ದೊಡ್ಡದಿದ್ದರೆ ಯಾವುದೋ ಮನೆಯ ಮೀಟರಿಗೆ ಜನರೇಟರ್ ಬಂದಿದೆ ಎಂದು ತಿಳಿಸುವ ಸಂಜ್ಞೆಯ ತಂತಿ ಸಡಿಲಾಗಿರುತ್ತದೆ, ಆ ಮನೆಯ ಡೀಸೆಲ್ ಯೂನಿಟ್ಟೆಲ್ಲ ಹೆಸ್ಕಾಂ ಲೆಕ್ಕಕ್ಕೆ ಬಿದ್ದಿರುತ್ತದೆ. ಜನರೇಟರ್ ಓಡುವಾಗಲೇ ಒಂದೊಂದು ಮೀಟರಿನ ಮುಂದೆ ನಿಂತು ಯಾವ ಲೆಕ್ಕ ಏರುತ್ತಿದೆ ಎಂದು ನೋಡಿದರೆ ಆ ಮನೆ ಸಿಕ್ಕಿಬಿಡುತ್ತದೆ.

ಮಿತಿಯ ಅಂಕಿಯನ್ನೂ ಕಾಗದದಿಂದ ಎತ್ತಿಕೊಳ್ಳಬಾರದು, ಪ್ಯಾನೆಲ್ ಬಾಗಿಲು ತೆರೆದು ನೋಡಬೇಕು. 1 ಕಿಲೋವ್ಯಾಟ್ ಎಂದರೆ 230 ವೋಲ್ಟಿಗೆ ನಾಲ್ಕೂವರೆ ಆಂಪಿಯರಿಗೂ ಸ್ವಲ್ಪ ಕಡಿಮೆ, ಆದ್ದರಿಂದ ಸಣ್ಣ ಫ್ಲ್ಯಾಟಿಗೆ 6 ಆಂಪಿಯರಿನ ಎಂಸಿಬಿ ಕೂಡಿಸಿರುತ್ತಾರೆ. ಇಲ್ಲಿ ತೆರೆದು ನೋಡಿದಾಗ ಒಂದು ಸಾಲಿನಲ್ಲಿ 6, 6, 6 ಎಂದಿದ್ದ ಕಡೆ ಒಂದು ಮಾತ್ರ ಹೊಸ ಬಣ್ಣದ್ದು, ಮೇಲೆ 16 ಎಂದು ಬರೆದದ್ದು. ಆ ಮನೆಯ ಗೀಸರನ್ನು ಎಲೆಕ್ಟ್ರಿಷಿಯನ್ ಒಬ್ಬ ಜನರೇಟರ್ ಸರ್ಕ್ಯೂಟಿಗೆ ಸೇರಿಸಿಕೊಟ್ಟಿದ್ದ. 2 ಕಿಲೋವ್ಯಾಟಿನ ಗೀಸರ್ ಒಂಬತ್ತು ಆಂಪಿಯರಿನ ಹತ್ತಿರ ಎಳೆಯುವುದರಿಂದ ಹಳೆಯ ಎಂಸಿಬಿ ಮೇಲಿಂದ ಮೇಲೆ ಬೀಳುತ್ತಿತ್ತು, ಅದಕ್ಕೆ ದೊಡ್ಡದು ಹಾಕಿದ್ದರು. ನೋಟಿಸಿನ ಪ್ರಕಾರ ಅದು ಬರೀ 3 ಕಿಲೋವ್ಯಾಟಿನ, 500 ರೂಪಾಯಿಯ ಮನೆ.

ಮೀಟರ್ ಇಲ್ಲದ ಹಳೆಯ ಕಟ್ಟಡಗಳಲ್ಲೂ ಮಂಜೂರಾದ ಲೋಡಿನ ಮೊರೆ ಹೋಗಬೇಕಿಲ್ಲ. ಸಾಮಾನ್ಯ ಬಳಕೆಯ ಪಾಲು ತೆಗೆದು ಉಳಿದ 15,000ವನ್ನು ಜನರೇಟರ್ ಮಿತಿಯ ಮೇಲೇ ಹಂಚಿದರೆ ಸಣ್ಣದಕ್ಕೆ 500, ದೊಡ್ಡದಕ್ಕೆ 750 ಬರುತ್ತದೆ; ಸಾಮಾನ್ಯ ಬಳಕೆಯ ಪಾಲು ಕೂಡಿಸಿದರೆ 600, 900 ಎಂಬ ಅದೇ ಸರಾಸರಿ. ತಾಯಿಯವರಿಗೂ ಬಾಜೂ ಮನೆಯವರಿಗೂ ಇರುವ ವ್ಯತ್ಯಾಸವನ್ನು ಮಾತ್ರ ಅದು ತೋರಿಸಲಾರದು. ಇನ್ನು ಎಸಿ ಸಮೇತ ಪೂರ್ತಿ ಮನೆಗೆ ಜನರೇಟರ್ ಕೊಟ್ಟಿರುವ ಹೊಸ ಕಟ್ಟಡಗಳಲ್ಲಿ ಮಿತಿಯೂ ಮಂಜೂರಾದ ಲೋಡೂ ಹೆಚ್ಚುಕಡಿಮೆ ಒಂದೇ ಆಗುವುದರಿಂದ ಇಂಥ ನೋಟಿಸಿನ ತಪ್ಪು ಅಲ್ಲಿ ಚಿಕ್ಕದಾಗುತ್ತದೆ.

ಹೊಸ ಹಂಚಿಕೆಯನ್ನು ಖಜಾಂಚಿಯವರೊಬ್ಬರೇ ಜಾರಿಗೆ ತರಬಹುದೇ ಎಂಬ ಪ್ರಶ್ನೆಯೂ ಎದ್ದಿತು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯಡಿ ಬರುವ ಕಟ್ಟಡಗಳಲ್ಲಿ ಸಾಮಾನ್ಯ ಖರ್ಚನ್ನು ಸಾಮಾನ್ಯ ಜಾಗದಲ್ಲಿ ಪ್ರತಿ ಮಾಲೀಕನಿಗಿರುವ ಅವಿಭಜಿತ ಹಕ್ಕಿನ ಪ್ರಮಾಣದಲ್ಲಿ ಹಂಚಬೇಕು. ಲಿಫ್ಟು ಪಂಪಿನ ಡೀಸೆಲ್ ಇದಕ್ಕೆ ಸೇರುತ್ತದೆ ಎಂಬುದರಲ್ಲಿ ಅನುಮಾನವಿಲ್ಲ. ಮನೆಯೊಳಗೆ ಮೀಟರ್ ಎಣಿಸಿದ ಯೂನಿಟ್ ಸಾಮಾನ್ಯ ಖರ್ಚಲ್ಲ, ಆ ಮನೆಯವರು ಕೊಂಡು ಬಳಸಿದ ಪದಾರ್ಥ ಎಂಬುದು ನನ್ನ ಅಭಿಪ್ರಾಯ. ನಡುವಿನ 9,000 ಯಾವ ಕಡೆಗೆ ಸೇರುತ್ತದೆ ಎಂಬುದರ ಬಗ್ಗೆ ಎರಡು ಮಾತಿರಬಹುದಾದ್ದರಿಂದಲೇ ಅದನ್ನು ಬೋರ್ಡಿನ ನೋಟಿಸಿನಿಂದ ಅಲ್ಲ, ಸಾಮಾನ್ಯ ಸಭೆಯ ಠರಾವಿನಿಂದ ಗೊತ್ತುಮಾಡಬೇಕು.

ಸಭೆಯಲ್ಲಿ ಕೊನೆಯವರೆಗೂ ಉಳಿದ ತಕರಾರು ಬೀಗ ಹಾಕಿದ ಒಂದು ಸಣ್ಣ ಫ್ಲ್ಯಾಟಿನದು. ಮಾಲೀಕರು ಪುಣೆಯಲ್ಲಿದ್ದಾರೆ, ಬಳಕೆ ಸೊನ್ನೆ, ಹೊಸ ಲೆಕ್ಕದಲ್ಲೂ ಓಡಿದ್ದರ 300 ಮತ್ತು ಸಾಮಾನ್ಯದ 100 ಸೇರಿ 400 ಬರುತ್ತದೆ. ಸಾಮಾನ್ಯದ 100ಕ್ಕೆ ಅವರೇ ತಕರಾರು ಮಾಡಲಿಲ್ಲ. 300ರ ವಿಷಯದಲ್ಲಿ ನನಗೆ ತೋರುವುದು ಇಷ್ಟು: ಅವರ ಎಂಸಿಬಿ ಪ್ಯಾನೆಲ್ಲಿನಲ್ಲಿ ಇರುವವರೆಗೆ ನಾಳೆ ಬಂದು ಬೀಗ ತೆಗೆದರೂ ಅವರ 1 ಕಿಲೋವ್ಯಾಟ್ ಅಲ್ಲಿ ಕಾದಿರುತ್ತದೆ, ಆದ್ದರಿಂದ ಅದರ ಬೆಲೆ ಅವರದೇ. ಬೇಡವೆಂದು ಬರೆದುಕೊಟ್ಟು ಎಂಸಿಬಿ ತೆಗೆಸಿದರೆ 9,000 ಉಳಿದ 29 ಕಿಲೋವ್ಯಾಟಿನ ಮೇಲೆ ಬೀಳುತ್ತದೆ. ಕಿಲೋವ್ಯಾಟಿಗೆ 300 ಇದ್ದದ್ದು 310 ಆಗುತ್ತದೆ, ಅಂದರೆ ಸಣ್ಣ ಫ್ಲ್ಯಾಟಿಗೆ 10 ರೂಪಾಯಿ, ದೊಡ್ಡದಕ್ಕೆ 15 ರೂಪಾಯಿ ಹೆಚ್ಚು.